ದನಿ ಯಾರದು ಎಂದಷ್ಟೇ ಕೇಳಿದರೆ ಸಾಲದು: ನಮ್ಮ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಆಡಳಿತ ಮಂಡಳಿಯ ಸದಸ್ಯರೇ,

ನಮಸ್ಕಾರ. ಬ್ಯಾಂಕಿನ ನೋಟಿಸ್ ಬೋರ್ಡಿಗೆ ಅಂಟಿಸಿರುವ ಹೊಸ ಸೂಚನೆ ಓದಿದೆ. ಇನ್ನು ಮುಂದೆ ಸದಸ್ಯರು ಬ್ಯಾಂಕಿನ ನಂಬರಿಗೆ ಫೋನ್ ಮಾಡಿ, ಖಾತೆ ಸಂಖ್ಯೆ ಒತ್ತಿ, “ನನ್ನ ದನಿಯೇ ನನ್ನ ಗುರುತು” ಅಂತ ಹೇಳಿದರೆ ಸಾಕು. ಖಾತೆಯಲ್ಲಿ ಎಷ್ಟು ಹಣ ಬಾಕಿ ಉಳಿದಿದೆ ಎಂದು ತಿಳಿಯಬಹುದು, ಬೇರೆ ಖಾತೆಗೆ ಹಣವನ್ನೂ ಕಳಿಸಬಹುದು. ಪಿನ್ ಬೇಡ, ಓಟಿಪಿ ಬೇಡ.

ಇದನ್ನು ಯಾಕೆ ತರುತ್ತಿದ್ದೀರಿ ಎನ್ನುವುದು ನನಗೆ ಅರ್ಥವಾಗುತ್ತದೆ. ನಮ್ಮ ಸದಸ್ಯರಲ್ಲಿ ವಯಸ್ಸಾದವರು ಜಾಸ್ತಿ. ಕಣ್ಣು ಮಂಜಾದವರಿಗೆ ಓಟಿಪಿ ಓದುವುದೇ ಕಷ್ಟ. ಪಿನ್ ಮರೆತು ಕೌಂಟರಿಗೆ ಬರುವವರು ದಿನಾಲೂ ಇದ್ದಾರೆ. ಬಟನ್ ಫೋನಿನಿಂದಲೇ ವ್ಯವಹಾರ ಮಾಡುವ ರೈತರು ಕುಂದಗೋಳ, ನವಲಗುಂದದ ಕಡೆ ಈಗಲೂ ಬೇಕಾದಷ್ಟು ಮಂದಿ. ಇವರಿಗೆಲ್ಲ ಮಾತಾಡಿದರೆ ಸಾಕು ಎನ್ನುವ ಸೌಲಭ್ಯ ಬೇಕೇ ಬೇಕು. ನನ್ನ ತಕರಾರು ಸೌಲಭ್ಯದ ಮೇಲಲ್ಲ. ಎಲ್ಲರೂ ಯಾವಾಗಲೂ ಅದೇ ಒಂದು ವಾಕ್ಯ ಹೇಳಬೇಕು, ಅದನ್ನು ಕೇಳಿದ ಕೂಡಲೇ ಹಣ ಹೋಗಬಹುದು ಎನ್ನುವ ಏರ್ಪಾಟಿನ ಮೇಲೆ. ನಾನು ಬ್ಯಾಂಕಿನ ಹಳೆಯ ಸದಸ್ಯ. ಮಾತಿನ ರೆಕಾರ್ಡಿಂಗ್‌ಗಳ ಜೊತೆ ಕೆಲಸ ಮಾಡುವುದೇ ನನ್ನ ಹೊಟ್ಟೆಪಾಡು. ಆ ಸಲಿಗೆಯಿಂದ ಇದನ್ನು ಬರೆಯುತ್ತಿದ್ದೇನೆ. ಎಲ್ಲ ಸದಸ್ಯರಿಗೂ ತಿಳಿಯಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು, ಯಂತ್ರ ನಮ್ಮ ದನಿಯಲ್ಲಿ ಏನನ್ನು ಕೇಳಿಸಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಮಾತಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಹೆಂಗಸರಲ್ಲಿ 200ರ ಆಸುಪಾಸು. ಆ ಸದ್ದು ಗಂಟಲು, ಬಾಯಿ, ಮೂಗಿನ ಪೊಳ್ಳು ಜಾಗದ ಮೂಲಕ ಹೊರಗೆ ಬರುತ್ತದೆ. ಗಂಟಲಿನಿಂದ ತುಟಿಯವರೆಗಿನ ಈ ದಾರಿ ಬೆಳೆದ ಗಂಡಸಿಗೆ ಸುಮಾರು 17 ಸೆಂಟಿಮೀಟರ್ ಇರುತ್ತದೆ. ಹೆಂಗಸರಿಗೆ ಎರಡು ಮೂರು ಸೆಂಟಿಮೀಟರ್ ಕಡಿಮೆ. ಈ ದಾರಿಯ ಉದ್ದ, ಆಕಾರಕ್ಕೆ ತಕ್ಕಂತೆ ಸದ್ದಿನ ಕೆಲವು ಭಾಗ ಎದ್ದು ಕೇಳುತ್ತದೆ, ಕೆಲವು ಭಾಗ ತಗ್ಗುತ್ತದೆ. ಇಬ್ಬರು ಒಂದೇ ಶಬ್ದವನ್ನು ಹೇಳಿದರೂ ಈ ಏರಿಳಿತದ ನಕ್ಷೆ ಬೇರೆ ಬೇರೆ. ಇದರ ಮೇಲೆ ಮಾತಿನ ರೂಢಿ ಸೇರುತ್ತದೆ: ಎಲ್ಲಿ ಎಳೆಯುತ್ತೇವೆ, ಎಲ್ಲಿ ನುಂಗುತ್ತೇವೆ, ಎಷ್ಟು ಬೇಗ ಮಾತಾಡುತ್ತೇವೆ ಎಂಬುದು.

ಯಂತ್ರವು ಮಾತನ್ನು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು, ಅಂದರೆ 25 ಮಿಲಿಸೆಕೆಂಡಿನ ತುಣುಕುಗಳಾಗಿ ನೋಡುತ್ತದೆ. ಪ್ರತಿ 10 ಮಿಲಿಸೆಕೆಂಡಿಗೆ ಒಂದು ಹೊಸ ತುಣುಕು ಶುರುವಾಗುತ್ತದೆ. ಪ್ರತಿ ತುಣುಕಿನಲ್ಲಿ ಯಾವ ಕಂಪನದಲ್ಲಿ ಎಷ್ಟು ಶಕ್ತಿ ಇದೆ ಎಂದು ಅಳೆಯುತ್ತದೆ. ನಿಮ್ಮ ವಾಕ್ಯ ಎರಡು ಸೆಕೆಂಡಿನದಾದರೆ ಇಂಥ ಸುಮಾರು 200 ಅಳತೆಗಳು ಸಿಗುತ್ತವೆ. ಉದಾಹರಣೆಗಳಿಂದ ಕಲಿತ ಒಂದು ನ್ಯೂರಲ್ ನೆಟ್‌ವರ್ಕ್ ಅವೆಲ್ಲವನ್ನೂ ಅರೆದು ಕೊನೆಗೆ ಅಂಕಿಗಳ ಒಂದೇ ಸಾಲು ಕೊಡುತ್ತದೆ. 2018ರಲ್ಲಿ ಬಂದ ಎಕ್ಸ್-ವೆಕ್ಟರ್ ಪದ್ಧತಿಯಲ್ಲಿ ಆ ಸಾಲಿನಲ್ಲಿ 512 ಅಂಕಿಗಳು. 2020ರ ಒಂದು ಹೆಸರುವಾಸಿ ಪದ್ಧತಿಯಲ್ಲಿ 192. ಈ ಅಂಕಿಸಾಲೇ ವಾಯ್ಸ್‌ಪ್ರಿಂಟ್. ಅದರಲ್ಲಿ ನಿಮ್ಮ ಮಾತು ಇರುವುದಿಲ್ಲ. ನಿಮ್ಮ ದನಿಯ ಸ್ವಭಾವ ಮಾತ್ರ ಅಂಕಿಗಳ ರೂಪದಲ್ಲಿ ಇರುತ್ತದೆ.

ನೋಂದಣಿ ದಿನ ಒಬ್ಬರಿಂದ ಮೂರು ಸಲ ಹೇಳಿಸಿ, ಮೂರು ಅಂಕಿಸಾಲುಗಳ ಸರಾಸರಿ ತೆಗೆದು ಇಟ್ಟುಕೊಳ್ಳುತ್ತಾರೆ. ಮುಂದೆ ಫೋನ್ ಬಂದಾಗ ಹೊಸ ಅಂಕಿಸಾಲು ತೆಗೆದು ಹಳೆಯದರ ಜೊತೆ ಹೋಲಿಸುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಅಂಕ 1ರ ಹತ್ತಿರ ಬರುತ್ತದೆ. ಸಂಬಂಧವೇ ಇಲ್ಲದಿದ್ದರೆ 0ಯ ಹತ್ತಿರ. ಎಷ್ಟು ಅಂಕ ಬಂದರೆ ಒಳಗೆ ಬಿಡಬೇಕು ಎಂದು ಒಂದು ಗಡಿ ಇಟ್ಟಿರುತ್ತಾರೆ. ಅಷ್ಟೇ ಲೆಕ್ಕ.

ಈಗ ಒಂದು ಉದಾಹರಣೆ. ಇದರಲ್ಲಿನ ಅಂಕಿಗಳು ವಿಷಯ ತಿಳಿಯಲಿ ಅಂತ ನಾನು ಹಾಕಿಕೊಂಡವು, ನಿಮ್ಮ ಯಂತ್ರದವಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದಾರೆ ಎಂದುಕೊಳ್ಳಿ. ನಮ್ಮ ಬ್ಯಾಂಕಿನ ಸದಸ್ಯರು. ಗಡಿ 0.60. ಅವರು ತಮ್ಮ ಫೋನಿನಿಂದ ವಾಕ್ಯ ಹೇಳಿದರೆ 0.78 ಬರುತ್ತದೆ, ಒಳಗೆ ಬಿಡುತ್ತದೆ. ಅವರ ಅಂಗಡಿಯ ಹುಡುಗ ಅದೇ ವಾಕ್ಯವನ್ನು ತನ್ನ ದನಿಯಲ್ಲಿ ಹೇಳಿದರೆ 0.15, ಬಿಡುವುದಿಲ್ಲ. ಇಲ್ಲಿಯವರೆಗೆ ಯಂತ್ರದ ಕೆಲಸ ಚೊಕ್ಕ. ಆದರೆ ಟೆಂಡರ್ ದಿನ ಅಂಗಡಿಯಲ್ಲಿ ಹತ್ತು ಜನ ಕೂತಿರುತ್ತಾರೆ. ವ್ಯಾಪಾರಿ ಎಲ್ಲರ ಎದುರೇ ಫೋನ್ ಮಾಡಿ, “ನನ್ನ ದನಿಯೇ ನನ್ನ ಗುರುತು” ಎನ್ನುತ್ತಾರೆ. ಮೇಜಿನ ಆಚೆ ಇದ್ದವನ ಮೊಬೈಲು ರೆಕಾರ್ಡ್ ಮಾಡುತ್ತಿರುತ್ತದೆ. ಸಂಜೆ ಆತ ಬ್ಯಾಂಕಿಗೆ ಫೋನ್ ಮಾಡಿ, ರೆಕಾರ್ಡಿಂಗನ್ನು ಇನ್ನೊಂದು ಮೊಬೈಲಿನ ಸ್ಪೀಕರಿನಿಂದ ಕೇಳಿಸುತ್ತಾನೆ. ಅಂಕ 0.78ರಿಂದ ಸ್ವಲ್ಪ ಇಳಿದು 0.70 ಆಗಬಹುದು. ಗಡಿ 0.60 ತಾನೇ? ಯಂತ್ರ ಅವನನ್ನೂ ಒಳಗೆ ಬಿಡುತ್ತದೆ.

ಇದನ್ನು ಕೇಳಿದಾಗ ಎಲ್ಲರೂ ಮೊದಲು ಹೇಳುವ ಮಾತು ಒಂದೇ: “ರೆಕಾರ್ಡಿಂಗ್ ಅಂತ ಗೊತ್ತಾಗೋದಿಲ್ವಾ? ನಮಗೇ ಗೊತ್ತಾಗುತ್ತೆ.” ಎದುರಿಗೆ ಕೂತಿದ್ದರೆ ನಿಮಗೆ ಗೊತ್ತಾಗುತ್ತದೆ, ನಿಜ. ಯಂತ್ರಕ್ಕೆ ಗೊತ್ತಾಗದೇ ಇರುವುದಕ್ಕೆ ಎರಡು ಕಾರಣಗಳಿವೆ. ಈ ಪತ್ರದ ತಿರುಳೇ ಇದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಕಾರಣ, ಯಂತ್ರಕ್ಕೆ ಕಲಿಸಿದ ಪಾಠ. ಒಬ್ಬ ಸದಸ್ಯ ಇವತ್ತು ಮನೆಯಿಂದ ಫೋನ್ ಮಾಡುತ್ತಾನೆ, ನಾಳೆ ಚಿಗರಿ ಬಸ್ಸಿನಿಂದ, ನಾಡಿದ್ದು ದುರ್ಗದಬೈಲಿನ ಗದ್ದಲದಿಂದ. ಒಂದು ದಿನ ಹೊಸ ಫೋನು, ಇನ್ನೊಂದು ದಿನ ಮಗನ ಹಳೆಯ ಫೋನು. ಪ್ರತಿ ಸಲವೂ ಅವನನ್ನು ಗುರುತು ಹಿಡಿಯಬೇಕಲ್ಲ? ಅದಕ್ಕೆ ತರಬೇತಿಯಲ್ಲೇ ಯಂತ್ರಕ್ಕೆ ಬೇಕಂತಲೇ ಕೆಟ್ಟ ಮಾತು ಕೇಳಿಸುತ್ತಾರೆ. ಅದೇ ವ್ಯಕ್ತಿಯ ಮಾತಿಗೆ ಗದ್ದಲ ಬೆರೆಸುತ್ತಾರೆ, ಕೋಣೆಯ ಮಾರ್ದನಿ ಸೇರಿಸುತ್ತಾರೆ, ಮಟ್ಟ ಏರಿಸಿ ಇಳಿಸುತ್ತಾರೆ. ಮೈಕು, ಕೋಣೆ, ಲೈನು ಏನೇ ಬದಲಾದರೂ ಉತ್ತರ ಬದಲಾಗಬಾರದು ಎಂದು ಕಲಿಸುತ್ತಾರೆ. ಈಗ ಯೋಚಿಸಿ. ರೆಕಾರ್ಡಿಂಗನ್ನು ಮತ್ತೆ ಕೇಳಿಸುವುದು ಎಂದರೆ ಏನು? ಅದೇ ವ್ಯಕ್ತಿಯ ಮಾತಿಗೆ ಇನ್ನೊಂದು ಮೈಕು, ಇನ್ನೊಂದು ಸ್ಪೀಕರು, ಇನ್ನೊಂದು ಕೋಣೆ ಸೇರಿದಂತೆ. ಯಾವುದನ್ನು ಕಡೆಗಣಿಸು ಎಂದು ನಾವು ಹೇಳಿಕೊಟ್ಟೆವೋ ಅದರಲ್ಲೇ ಕಳ್ಳನ ಸುಳಿವು ಇದೆ. ಹಾಗಾಗಿ ಗದ್ದಲದಲ್ಲೂ ನಿಮ್ಮನ್ನು ಚೆನ್ನಾಗಿ ಗುರುತಿಸುವ ಯಂತ್ರ, ನಿಮ್ಮ ರೆಕಾರ್ಡಿಂಗನ್ನೂ ಚೆನ್ನಾಗಿಯೇ ಗುರುತಿಸುತ್ತದೆ. ಚೆಕ್ಕಿನ ಮೇಲಿನ ಸಹಿಯನ್ನು ಅಕ್ಷರ ಅಕ್ಷರ ಹೋಲಿಸಿ ನೋಡುವ ಗುಮಾಸ್ತ, ಅದು ಶಾಯಿಯದೋ ಝೆರಾಕ್ಸಿನದೋ ಎಂದು ನೋಡುವುದನ್ನೇ ಮರೆತರೆ ಹೇಗೋ ಹಾಗೆ.

ಎರಡನೇ ಕಾರಣ ಫೋನಿನ ಲೈನು. ಮಾತು ಸ್ಪೀಕರಿನಿಂದ ಬಂದರೆ ಕೆಲವು ಗುರುತುಗಳು ಉಳಿಯುತ್ತವೆ. ಮೊಬೈಲಿನ ಸ್ಪೀಕರು ಬೆರಳುಗುರಿನಷ್ಟೇ ದೊಡ್ಡದು. ಅದಕ್ಕೆ ಕೆಳಗಿನ ಕಂಪನಗಳನ್ನು, ಅಂದರೆ ದನಿಯ ಗಡಸು ಭಾಗವನ್ನು, ಸರಿಯಾಗಿ ಹೊರಡಿಸಲು ಆಗುವುದಿಲ್ಲ. ತೀರಾ ಮೇಲಿನ ಕಂಪನಗಳಲ್ಲೂ ಏರುಪೇರು ಆಗುತ್ತದೆ. ಸಂಶೋಧಕರು ಹೀಗೆ ಮತ್ತೆ ಕೇಳಿಸಿದ ಮಾತನ್ನು ಹಿಡಿಯಲು ಹೋದಾಗ ಸೆಕೆಂಡಿಗೆ 6,000 ಕಂಪನ, ಅಂದರೆ 6,000 ಹರ್ಟ್ಸ್‌ಗಿಂತ ಮೇಲಿನ ಭಾಗದಲ್ಲೇ ಒಳ್ಳೆಯ ಸುಳಿವು ಸಿಕ್ಕಿತ್ತು. ಇನ್ನೊಂದು ಗುರುತೂ ಇದೆ. ಮೈಕಿನ ಹತ್ತಿರ ಬಾಯಿಟ್ಟು ಪ, ಬ ಎಂದಾಗ ಉಸಿರು ಮೈಕಿಗೆ ಬಡಿದು ಬುಸ್ ಎನ್ನುತ್ತದೆ. ದೂರದಿಂದ ಕದ್ದು ಮಾಡಿದ ರೆಕಾರ್ಡಿಂಗಿನಲ್ಲಿ ಆ ಬಡಿತ ಇರುವುದಿಲ್ಲ. 2015ರಲ್ಲಿ ಜಪಾನಿನ ಸಂಶೋಧಕರು ಇದನ್ನೇ ಜೀವಂತ ಮಾತಿನ ಗುರುತಾಗಿ ಬಳಸಬಹುದೆಂದು ತೋರಿಸಿದರು. ಈ ಬಡಿತ ಇರುವುದು ತೀರಾ ಕೆಳಗಿನ ಕಂಪನಗಳಲ್ಲಿ.

ಮಾಮೂಲಿ ಫೋನ್ ಲೈನಿನಲ್ಲಿ ಸಾಗುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಮಾತು ತಿಳಿಯಲು ಅಷ್ಟು ಸಾಕು ಎಂದು ಬಹಳ ಹಿಂದೆಯೇ ಮಾಡಿಕೊಂಡ ಏರ್ಪಾಟು ಅದು. ಅಂದರೆ ಕೆಳಗಿನ ಸುಳಿವನ್ನೂ ಮೇಲಿನ ಸುಳಿವನ್ನೂ ಲೈನೇ ಕತ್ತರಿಸಿ ಹಾಕುತ್ತದೆ. ಸ್ಪೀಕರಿಗೆ ಗಡಸು ಭಾಗ ಹೊರಡಿಸಲು ಆಗಲಿಲ್ಲ ನಿಜ, ಆದರೆ ಲೈನು ನಿಜವಾದ ಬಾಯಿಂದಲೂ ಆ ಭಾಗವನ್ನು ಒಯ್ಯುವುದಿಲ್ಲವಲ್ಲ! ಬ್ಯಾಂಕಿನ ತುದಿಗೆ ಬರುವಷ್ಟರಲ್ಲಿ ಜೀವಂತ ಮಾತು ಮತ್ತು ಮತ್ತೆ ಕೇಳಿಸಿದ ಮಾತು ಬಹುಮಟ್ಟಿಗೆ ಒಂದೇ ಥರ ಆಗಿರುತ್ತವೆ. ದನಿಯ ಗುರುತಿಗೆ ಬೇಕಾದ ಭಾಗ ಮಾತ್ರ ಎರಡರಲ್ಲೂ ಭದ್ರವಾಗಿ ಉಳಿದಿರುತ್ತದೆ.

ಈಗಿನ 4ಜಿ ಕರೆಗಳಲ್ಲಿ ದನಿ ಸ್ವಚ್ಛವಾಗಿ ಬರುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಎಚ್‌ಡಿ ವಾಯ್ಸ್ ಇದ್ದರೆ 7,000 ಹರ್ಟ್ಸ್‌ವರೆಗೂ ಸಾಗುತ್ತದೆ. ಆದರೆ ದಾರಿಯಲ್ಲಿ ಒಂದೇ ಒಂದು ಕೊಂಡಿ ಹಳೆಯದಾದರೂ ಇಡೀ ಕರೆ ಹಳೆಯ ಮಟ್ಟಕ್ಕೇ ಇಳಿಯುತ್ತದೆ. ಕರೆಗೆ ತಾವೇ ಉತ್ತರಿಸುವ ಬ್ಯಾಂಕುಗಳ ಐವಿಆರ್ ಯಂತ್ರಗಳು ಸಾಮಾನ್ಯವಾಗಿ ಆ ಹಳೆಯ ಮಟ್ಟದಲ್ಲೇ ಕರೆ ತೆಗೆದುಕೊಳ್ಳುತ್ತವೆ. ನಿಮ್ಮ ಐವಿಆರ್ ಯಾವ ಮಟ್ಟದ್ದು ಎಂದು ಸಾಫ್ಟ್‌ವೇರ್ ಕಂಪನಿಯವರನ್ನು ಕೇಳಿ. ಸೆಕೆಂಡಿಗೆ 8,000 ಸಲ ಸದ್ದನ್ನು ಅಳೆಯುವ 8 ಕಿಲೋಹರ್ಟ್ಸ್ ಮಟ್ಟದ್ದು, ಅಂದರೆ ಆ ಹಳೆಯ ಮಟ್ಟದ್ದೇ ಎಂದರೆ ನಾನು ಹೇಳಿದ್ದು ಪೂರ್ತಿ ಅನ್ವಯಿಸುತ್ತದೆ.

ಕಂಪನಿಯವರು ನಿಮಗೆ ತೋರಿಸಿದ ಹಾಳೆಯಲ್ಲಿ “ಶೇ 99 ನಿಖರ” ಎಂದಿರಬಹುದು. ಇಂಥ ಹಾಳೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅಲ್ಲಿನ ಅಂಕಿ ಸುಳ್ಳಿರಬೇಕೆಂದೇನೂ ಇಲ್ಲ. ಯಾವ ಪರೀಕ್ಷೆಯ ಅಂಕಿ ಅದು ಎಂಬುದೇ ಪ್ರಶ್ನೆ. ಬಹಳ ಸಲ ಅದು ಬೇರೆಯವರು ತಮ್ಮದೇ ದನಿಯಲ್ಲಿ ಸುಮ್ನೆ ಪ್ರಯತ್ನಿಸಿದಾಗ ಬಂದ ಅಂಕಿ. ಅಂಗಡಿಯ ಹುಡುಗನ 0.15 ಇತ್ತಲ್ಲ, ಆ ಥರದ್ದು. ರೆಕಾರ್ಡಿಂಗ್ ಕೇಳಿಸಿದಾಗ ಎಷ್ಟು ಬಾರಿ ಒಳಗೆ ಬಿಟ್ಟಿತು ಎಂಬುದು ಬೇರೆಯದೇ ಅಂಕಿ. ಅದನ್ನು ಅಳೆಯುವ ಪದ್ಧತಿಗೆ ಐಎಸ್‌ಒ/ಐಇಸಿ 30107-3 ಎಂಬ ಮಾನದಂಡವೇ ಇದೆ. ಆ ಪರೀಕ್ಷೆಯ ವರದಿ ಕೊಡಿ ಎಂದು ಕೇಳಿ.

ಗಡಿ ಅಂಕದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅದು ಸದ್ದಿಲ್ಲದೆ ಜಾರುತ್ತದೆ. ದಿನಕ್ಕೆ 500 ಕರೆ ಬರುತ್ತವೆ, ನಿಜವಾದ ಸದಸ್ಯರಲ್ಲೇ ನೂರಕ್ಕೆ ಇಬ್ಬರನ್ನು ಯಂತ್ರ ತಿರಸ್ಕರಿಸುತ್ತದೆ ಎಂದುಕೊಳ್ಳಿ. ದಿನಕ್ಕೆ ಹತ್ತು ಜನರ ದೂರು. ಮಳೆಗಾಲದಲ್ಲಿ ನೆಗಡಿ ಬಂದು ದನಿ ಒಡೆದರೆ ಇನ್ನೂ ಜಾಸ್ತಿ. ಮ್ಯಾನೇಜರರಿಗೆ ಸಾಕಾಗಿ ಹೋಗುತ್ತದೆ. ಕಂಪನಿಗೆ ಫೋನ್ ಮಾಡಿ “ಸ್ವಲ್ಪ ಸಡಿಲ ಮಾಡ್ರಿ” ಎನ್ನುತ್ತಾರೆ. ಗಡಿ 0.60ರಿಂದ 0.50 ಆಗುತ್ತದೆ. ದೂರು ನಿಲ್ಲುತ್ತದೆ. ಮೊದಲು 0.55 ಬಂದು ಹೊರಗೆ ಉಳಿಯುತ್ತಿದ್ದ ಕಳಪೆ ರೆಕಾರ್ಡಿಂಗೂ ಅವತ್ತಿನಿಂದ ಒಳಗೆ ಬರುತ್ತದೆ. ಇದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ಅದಕ್ಕೇ ಗಡಿ ಬದಲಿಸುವುದು ಮಂಡಳಿಯ ನಿರ್ಣಯದಿಂದಲೇ ಆಗಬೇಕು. ಹಳೆಯದು ಎಷ್ಟಿತ್ತು, ಹೊಸದು ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡಬೇಕು.

ಹಾಗಾದರೆ ರಿಪ್ಲೇಯನ್ನು, ಅಂದರೆ ರೆಕಾರ್ಡಿಂಗನ್ನು ಮತ್ತೆ ಕೇಳಿಸುವ ಮೋಸವನ್ನು ಹಿಡಿಯುವ ಸಾಫ್ಟ್‌ವೇರ್ ಇಲ್ಲವೇ? ಇದೆ. ಎಎಸ್‌ವಿಸ್ಪೂಫ್ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆ 2015ರಿಂದ ನಡೆಯುತ್ತಿದೆ. 2017ರ ಸ್ಪರ್ಧೆ ಪೂರ್ತಿ ರಿಪ್ಲೇ ಬಗ್ಗೆಯೇ ಇತ್ತು. ಒಂದಷ್ಟು ಸ್ಪೀಕರು, ಮೈಕು, ಕೋಣೆಗಳಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನು ಕೊಟ್ಟು, ಅಸಲಿ ಯಾವುದು ರಿಪ್ಲೇ ಯಾವುದು ಹೇಳಿ ಎಂದರು. ಅದರಿಂದ ಎರಡು ಸಂಗತಿ ಗೊತ್ತಾದವು. ಒಂದು, ತರಬೇತಿಯಲ್ಲಿ ನೋಡದ ಹೊಸ ಸ್ಪೀಕರು, ಹೊಸ ಕೋಣೆ ಬಂದಾಗ ಎಷ್ಟೋ ಯಂತ್ರಗಳು ಎಡವಿದವು. ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ. ಆ ಸ್ಪರ್ಧೆಯ ಕಡತಗಳಲ್ಲಿ ಕೆಲವದರ ಆರಂಭದ ಮೌನದಲ್ಲೇ, ಮಾತಿಗೆ ಸಂಬಂಧವಿಲ್ಲದ ಸುಳಿವು ಉಳಿದುಬಿಟ್ಟಿತ್ತು. ಯಂತ್ರಗಳು ಮಾತನ್ನು ಬಿಟ್ಟು ಅದನ್ನೇ ಹಿಡಿದು ಅಂಕ ಗಳಿಸಬಹುದಿತ್ತು. ಅದು ತಿಳಿದ ಮೇಲೆ ಕಡತಗಳನ್ನು ಸರಿಪಡಿಸಿ ಎರಡನೇ ಆವೃತ್ತಿ ಹೊರತಂದರು. ಇದನ್ನು ಯಾಕೆ ಹೇಳಿದೆ ಎಂದರೆ, ಕಂಪನಿಯವರು ತಮ್ಮ ಕಚೇರಿಯ ತಮ್ಮದೇ ಸ್ಪೀಕರಿನ ಮೇಲೆ ಪರೀಕ್ಷಿಸಿ “ನಮ್ಮದು ಹಿಡಿಯುತ್ತದೆ ಸಾರ್” ಎಂದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡ ಅಗ್ಗದ ಬ್ಲೂಟೂತ್ ಸ್ಪೀಕರಿನ ಮೇಲೆ, ನಮ್ಮದೇ ಫೋನ್ ಲೈನಿನ ಮೇಲೆ ಹಿಡಿಯುತ್ತದೆಯೇ ಎಂದು ನೋಡಬೇಕು.

ಇನ್ನು ಪರಿಹಾರ. ಮೊದಲು ಆಗಬೇಕಾದದ್ದು, ಆ ಒಂದೇ ವಾಕ್ಯವನ್ನು ಕೈಬಿಡುವುದು. ಪ್ರತಿ ಕರೆಯಲ್ಲೂ ಯಂತ್ರ ಹೊಸ ಮಾತು ಕೊಟ್ಟು ಹೇಳಿಸಬೇಕು. ಹೇಳಿದ ಮಾತು ಅದೇನಾ ಎಂದೂ ನೋಡಬೇಕು, ಹೇಳಿದವರು ಯಾರು ಎಂದೂ ನೋಡಬೇಕು. ಕೆಲವೇ ಸೆಕೆಂಡಿನಲ್ಲಿ ಉತ್ತರ ಬರಬೇಕು. ಆಗ ನಿನ್ನೆಯ ರೆಕಾರ್ಡಿಂಗು ಇವತ್ತು ಕೆಲಸಕ್ಕೆ ಬರುವುದಿಲ್ಲ.

ಸಾಮಾನ್ಯವಾಗಿ ಕಂಪನಿಗಳು ಇದಕ್ಕೆ ಅಂಕಿಗಳನ್ನು ಬಳಸುತ್ತವೆ: “ಏಳು, ಎರಡು, ಒಂಬತ್ತು, ನಾಲ್ಕು, ಎರಡು, ಐದು ಎಂದು ಹೇಳಿ.” ಇದರಲ್ಲೂ ಒಂದು ತೂತು ಇದೆ. ಅಂಕಿ ಇರುವುದೇ ಹತ್ತು. ಒಂದೊಂದನ್ನೂ ಕತ್ತರಿಸಿ ಇಟ್ಟುಕೊಂಡರೆ ಯಾವ ಸಂಖ್ಯೆಯನ್ನಾದರೂ ಜೋಡಿಸಬಹುದು. ಇದು ಹೊಸ ವಿಷಯವೇನೂ ಅಲ್ಲ. 1999ರಲ್ಲೇ ಸ್ವೀಡನ್ನಿನ ಇಬ್ಬರು ಸಂಶೋಧಕರು ಹೀಗೆ ಅಂಕಿಗಳನ್ನು ಜೋಡಿಸಿ ಯಂತ್ರವನ್ನು ಪರೀಕ್ಷಿಸಿದ್ದರು. ನಮ್ಮ ಅಂಕಿಗಳನ್ನು ನಾವೇ ಊರೆಲ್ಲ ಹಂಚುತ್ತೇವೆ. ಕಿರಾಣಿ ಅಂಗಡಿಯಲ್ಲಿ, ಕೊರಿಯರ್‌ನವನಿಗೆ, ಆಸ್ಪತ್ರೆಯ ಚೀಟಿ ಮಾಡಿಸುವಾಗ ಮೊಬೈಲ್ ನಂಬರನ್ನು ಜೋರಾಗಿ ಹೇಳುವುದಿಲ್ವಾ?

ಲೆಕ್ಕ ಮಾಡಿ ನೋಡಿ. ಒಬ್ಬರ ಮೊಬೈಲ್ ನಂಬರಿನಲ್ಲಿ ಏಳು ಬೇರೆ ಬೇರೆ ಅಂಕಿಗಳಿವೆ ಎಂದುಕೊಳ್ಳೋಣ. ಕಳ್ಳನ ಹತ್ತಿರ ಆ ಏಳು ಅಂಕಿಗಳು ಅವರದೇ ದನಿಯಲ್ಲಿ ಇವೆ. ಯಂತ್ರ ಆರು ಅಂಕಿ ಕೇಳುತ್ತದೆ. ಆರೂ ಆ ಏಳರಲ್ಲೇ ಬೀಳುವ ಸಂಭವ 0.7ನ್ನು ಆರು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ 12. ಮೂರು ಸಲ ಪ್ರಯತ್ನಿಸಲು ಬಿಟ್ಟರೆ ಶೇ 31. ಹತ್ತೂ ಅಂಕಿ ಸಿಕ್ಕಿದ್ದರೆ ಶೇ 100. ಜೋಡಿಸಿದ ಅಂಕಿಗಳ ನಡುವೆ ರಾಗ ಸರಿಯಾಗಿ ಕೂಡುವುದಿಲ್ಲ, ಒಳ್ಳೆಯ ಯಂತ್ರ ಅದನ್ನು ಹಿಡಿಯಬಹುದು. ಆದರೆ ಅಂಕಿಗಳನ್ನು ನಾವು ಬಿಡಿಬಿಡಿಯಾಗಿಯೇ ಹೇಳುವುದರಿಂದ ಅದು ಸುಲಭವಲ್ಲ.

ಅಂಕಿಯ ಬದಲು ದಿನಬಳಕೆಯ ಮಾತುಗಳನ್ನು ಬಳಸಿ. ಜೋಳ, ಶೇಂಗಾ, ಹೆಸರು, ಗೋವಿನಜೋಳ, ಹತ್ತಿ, ಬಾಗಿಲು, ಮಂಗಳವಾರ, ಗಡಿಯಾರ, ಹೀಗೆ 200 ಮಾತುಗಳ ಪಟ್ಟಿ ಇರಲಿ. ಪ್ರತಿ ಸಲ ಅದರಿಂದ ನಾಲ್ಕು ಬೇರೆ ಬೇರೆ ಮಾತು ಆರಿಸಲಿ. ಕಳ್ಳ ಆ ಪಟ್ಟಿಯ 50 ಮಾತುಗಳನ್ನು ಕಷ್ಟಪಟ್ಟು ಸದಸ್ಯರ ದನಿಯಲ್ಲಿ ಸಂಗ್ರಹಿಸಿದ್ದಾನೆ ಎಂದುಕೊಂಡರೂ, ನಾಲ್ಕೂ ಅವನಲ್ಲಿರುವ ಸಂಭವ 280ಕ್ಕೆ ಒಂದರಷ್ಟು. ಹಿರಿಯರಿಗೂ ಇದು ಸುಲಭ. ಅಂಕಿಗಳನ್ನು ಕೆಲವರು ಕನ್ನಡದಲ್ಲಿ, ಕೆಲವರು ಇಂಗ್ಲಿಷಿನಲ್ಲಿ, ಇನ್ನು ಕೆಲವರು “ತೊಂಬತ್ತೆಂಟು ನಲವತ್ತೈದು” ಎಂದು ಜೋಡಿಯಾಗಿ ಹೇಳುತ್ತಾರೆ. ಜೋಳವನ್ನು ಎಲ್ಲರೂ ಜೋಳ ಎಂದೇ ಹೇಳುತ್ತಾರೆ.

ಇದರ ಜೊತೆ ಇನ್ನೊಂದು ಸಣ್ಣ ತಪಾಸಣೆ ಇರಲಿ, ಖರ್ಚು ಕಡಿಮೆ. ಯಾರೂ ಒಂದೇ ಮಾತನ್ನು ಎರಡು ಸಲ ಒಂದೇ ಅಳತೆಯಲ್ಲಿ ಹೇಳುವುದಿಲ್ಲ. ಎಳೆತ, ಬಿಡುವು, ಏರಿಳಿತ ಎಲ್ಲೋ ಒಂದು ಕಡೆ ಬದಲಾಗುತ್ತದೆ. ಇವತ್ತಿನ ಕರೆಯ ಮಾತು ಹಳೆಯ ಒಂದು ಕರೆಯ ಮಾತಿಗೆ ತುಣುಕು ತುಣುಕಾಗಿ ತಾಳೆಯಾದರೆ, ಅದು ಅದೇ ರೆಕಾರ್ಡಿಂಗ್ ಎಂದೇ ಅನುಮಾನಿಸಬೇಕು. ಈ ತಪಾಸಣೆ ಬ್ಯಾಂಕಿನ ಯಂತ್ರ ಮೊದಲೇ ಕೇಳಿದ ಮಾತಿಗೆ ಮಾತ್ರ ನಡೆಯುತ್ತದೆ. ಬೇರೆ ಕಡೆ ಕದ್ದ ರೆಕಾರ್ಡಿಂಗಿಗೆ ಇದು ಕುರುಡು.

ಪ್ರಯತ್ನಗಳಿಗೆ ಮಿತಿ ಇರಲಿ. 2017ರಲ್ಲಿ ಬಿಬಿಸಿಯ ಒಬ್ಬ ವರದಿಗಾರರ ಅವಳಿ ಸೋದರ, ಬ್ರಿಟನ್ನಿನ ಎಚ್‌ಎಸ್‌ಬಿಸಿ ಬ್ಯಾಂಕಿನಲ್ಲಿ ವರದಿಗಾರರ ಖಾತೆಗೆ ಅವರ ದನಿಯನ್ನು ಅನುಕರಿಸಿ ಒಳಹೊಕ್ಕು ತೋರಿಸಿದರು. ಏಳು ಸಲ ಸೋತು ಎಂಟನೇ ಸಲ ಒಳಗೆ ಹೋದರು. ಅದು ರಿಪ್ಲೇ ಅಲ್ಲ. ಆದರೆ ಏಳು ಸಲ ಸೋತವನಿಗೆ ಎಂಟನೇ ಅವಕಾಶ ಕೊಟ್ಟದ್ದು ಯಂತ್ರವೇ. ನಮ್ಮಲ್ಲಿ ಎರಡು ಸಲ ತಪ್ಪಿದರೆ ಮೂರನೇ ಕರೆ ಸಿಬ್ಬಂದಿಗೆ ಹೋಗಲಿ.

ಈ ಎಲ್ಲದಕ್ಕೂ ಒಂದು ಮಿತಿ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಹೊಸ ಮಾತು ಕೇಳುವ ಉಪಾಯ ಹಳೆಯ ರೆಕಾರ್ಡಿಂಗನ್ನು ತಡೆಯುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ನಕಲಿ ದನಿಯನ್ನು ತಡೆಯುವುದಿಲ್ಲ. ನಕಲಿ ದನಿ ಯಾವ ಮಾತನ್ನಾದರೂ ಹೇಳಬಲ್ಲದು. 2023ರಲ್ಲಿ ಒಬ್ಬ ಪತ್ರಕರ್ತ ಹೀಗೆ ಮಾಡಿದ ತನ್ನದೇ ನಕಲಿ ದನಿಯಿಂದ ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿನ ತನ್ನ ಖಾತೆಗೆ ಹೊಕ್ಕರು. ಅದೇ ವರ್ಷ ಆಸ್ಟ್ರೇಲಿಯಾದ ಗಾರ್ಡಿಯನ್ ಪತ್ರಿಕೆಯವರು ಅಲ್ಲಿನ ಸರ್ಕಾರಿ ಸಹಾಯಧನ ಸೇವೆಯಾದ ಸೆಂಟರ್‌ಲಿಂಕ್‌ನ ದನಿ ತಪಾಸಣೆಯನ್ನು ದಾಟಿ ತೋರಿಸಿದರು. ನಕಲಿ ದನಿ ಮಾಡಲು ನಾಲ್ಕು ನಿಮಿಷದ ಮಾತು ಸಾಕಾಯಿತು. ನಮ್ಮ ಸದಸ್ಯರ ನಾಲ್ಕು ನಿಮಿಷದ ಮಾತು ವಾಟ್ಸಾಪ್ ಗುಂಪುಗಳಲ್ಲೇ ಸಿಗುತ್ತದೆ.

ಹಾಗಾಗಿ ಹಣ ಕಳಿಸುವ ಕೆಲಸಕ್ಕೆ ದನಿಯೊಂದನ್ನೇ ನಂಬಬೇಡಿ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿಯ 2017ರ ಮಾರ್ಗಸೂಚಿಯಲ್ಲೇ ದೇಹದ ಗುರುತುಗಳು ಗುಟ್ಟಲ್ಲ, ಅವನ್ನು ಕೈಯಲ್ಲಿರುವ ಇನ್ನೊಂದು ವಸ್ತುವಿನ ಜೊತೆಗೇ ಬಳಸಬೇಕು ಎಂದಿತ್ತು. ನಮ್ಮ ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಬಟನ್ ಫೋನಿನವರಿಗಾಗಿ ಯುಪಿಐ 123ಪೇ ತಂದಾಗ, ಐವಿಆರ್ ಮೂಲಕ ಹಣ ಕಳಿಸುವವರಿಂದಲೂ ಪಿನ್ ಒತ್ತಿಸಿಕೊಳ್ಳುವ ಏರ್ಪಾಟನ್ನೇ ಇಟ್ಟಿತು. ನಾವೂ ಹಾಗೆಯೇ ಮಾಡಬಹುದು. ನೋಂದಾಯಿಸಿದ ನಂಬರಿನಿಂದ ಬಂದ ಕರೆ ಎಂದಷ್ಟೇ ನಂಬುವುದೂ ಸಾಲದು, ಯಾಕೆಂದರೆ ಕರೆ ಮಾಡಿದವರ ನಂಬರನ್ನು ನಕಲಿ ಮಾಡಿ ತೋರಿಸಬಹುದು. ಬ್ಯಾಂಕೇ ಆ ನಂಬರಿಗೆ ವಾಪಸ್ ಕರೆ ಮಾಡಿದರೆ ಭದ್ರ. ಬಾಕಿ ಕೇಳಲು ವಾಪಸ್ ಕರೆ ಮತ್ತು ದನಿ ಸಾಕು. ಹಣ ಕಳಿಸಲು ಅದರ ಮೇಲೆ ನಾಲ್ಕಂಕಿಯ ಪಿನ್ ಇರಲಿ. ಹೊಸ ಖಾತೆಗೆ ಮೊದಲ ಸಲ ಹಣ ಕಳಿಸುವುದು ಶಾಖೆಗೆ ಬಂದೇ ಆಗಲಿ. ಹಿರಿಯರಿಗೆ ದಿನನಿತ್ಯ ಬೇಕಾಗುವುದು ಬಾಕಿ ವಿಚಾರಣೆ, ಪಿಂಚಣಿ ಬಂತೋ ಇಲ್ಲವೋ ಎಂಬ ಪ್ರಶ್ನೆ. ಅದು ಪಿನ್ ಇಲ್ಲದೆಯೇ ನಡೆಯುತ್ತದೆ.

ಇನ್ನೊಂದು ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಿನ್ ಕದ್ದರೆ ಬದಲಿಸಬಹುದು, ದನಿ ಬದಲಿಸಲು ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು. ಕನ್ನಡ ಅದರಲ್ಲಿದೆ. ಈಗ ಕೌಂಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿರುವ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ದನಿಯ ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಎಷ್ಟು ದಿನ ಇಡುತ್ತೀರಿ ಎಂಬುದೂ ಅದರಲ್ಲಿ ಕಾಣಲಿಲ್ಲ.

ಈ ಸೇವೆ ಶುರುವಾಗುವ ಮುಂಚೆ ಒಂದು ಪರೀಕ್ಷೆ ಮಾಡಿ ಎಂಬುದು ನನ್ನ ಕೋರಿಕೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಒಪ್ಪಿದ ಇಪ್ಪತ್ತು ಸದಸ್ಯರನ್ನು ಕರೆಯಿರಿ. ಹೆಂಗಸರು, ಗಂಡಸರು, ಹಿರಿಯರು ಎಲ್ಲರೂ ಇರಲಿ. ಪ್ರತಿಯೊಬ್ಬರೂ ಐದು ಸಲ ನಿಜವಾಗಿ ಕರೆ ಮಾಡಲಿ. ಅವರು ಮಾತಾಡುವಾಗ ಒಂದು ಮೀಟರ್ ದೂರದಲ್ಲಿ ಇನ್ನೊಂದು ಫೋನ್ ರೆಕಾರ್ಡ್ ಮಾಡಿಕೊಳ್ಳಲಿ. ಆಮೇಲೆ ಆ ನೂರು ರೆಕಾರ್ಡಿಂಗ್‌ಗಳನ್ನು ಬ್ಯಾಂಕಿನ ನಂಬರಿಗೆ ಕೇಳಿಸಿ. ಕೆಲವನ್ನು ಮೊಬೈಲ್ ಸ್ಪೀಕರಿನಿಂದ, ಕೆಲವನ್ನು ಬ್ಲೂಟೂತ್ ಸ್ಪೀಕರಿನಿಂದ, ಕೆಲವನ್ನು ಸಣ್ಣ ಕೋಣೆಯಿಂದ, ಕೆಲವನ್ನು ಬಯಲಿನಿಂದ. ಯಾವ ಸ್ಪೀಕರು ಎಂದು ಕಂಪನಿಗೆ ಮೊದಲೇ ಹೇಳಬೇಡಿ. ಎರಡು ಅಂಕಿ ಬರೆದುಕೊಳ್ಳಿ: ನೂರು ರೆಕಾರ್ಡಿಂಗಿನಲ್ಲಿ ಎಷ್ಟು ಒಳಗೆ ಹೋದವು, ನೂರು ನಿಜವಾದ ಕರೆಗಳಲ್ಲಿ ಎಷ್ಟು ಹೊರಗೆ ಉಳಿದವು. ಒಂದನ್ನು ಮಾತ್ರ ತೋರಿಸಿದರೆ ಒಪ್ಪಬೇಡಿ. ಎಲ್ಲವನ್ನೂ ತಿರಸ್ಕರಿಸುವ ಯಂತ್ರವೂ ರಿಪ್ಲೇಯನ್ನು ನೂರಕ್ಕೆ ನೂರು ತಡೆಯುತ್ತದೆ! ನೂರರಲ್ಲಿ ಒಂದೂ ಒಳಗೆ ಹೋಗದಿದ್ದರೂ ಅಪಾಯ ಸೊನ್ನೆ ಎಂದಲ್ಲ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಶೇ 3ರವರೆಗೂ ಇರಬಹುದು.

ಧಾರವಾಡದ ಐಐಟಿ ಮತ್ತು ಐಐಐಟಿಗಳಲ್ಲಿ ಮಾತಿನ ತಂತ್ರಜ್ಞಾನದ ಮೇಲೆ ಕೆಲಸ ಮಾಡುವವರಿದ್ದಾರೆ. ಒಂದು ಪತ್ರ ಬರೆದು, ಪರೀಕ್ಷೆಯ ಉಸ್ತುವಾರಿಗೆ ಒಬ್ಬರನ್ನು ಕೇಳಿ. ಅಲ್ಲಿಯವರೆಗೆ ಹಣ ಕಳಿಸುವ ಸೌಲಭ್ಯ ನಿಲ್ಲಿಸಿ, ಬಾಕಿ ವಿಚಾರಣೆ ಮಾತ್ರ ಶುರು ಮಾಡಿ. ಈಗಾಗಲೇ ದನಿ ಕೊಟ್ಟ ಸದಸ್ಯರಿಗೆ ಕನ್ನಡದ ನೋಟಿಸ್ ಕಳಿಸಿ. ಬೇಡ ಎನ್ನುವವರ ದನಿಯನ್ನು ಅಳಿಸಿ, ಅಳಿಸಿದ್ದೇವೆ ಎಂದು ಬರೆದುಕೊಡಿ.

ಮುಂದಿನ ಮಂಡಳಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂದು ಉತ್ತರ ಕೊಡಿ. ಉತ್ತರವನ್ನೂ ಅದೇ ನೋಟಿಸ್ ಬೋರ್ಡಿಗೆ ಹಾಕಿ. ಪರೀಕ್ಷೆಯ ದಿನ ಗೊತ್ತುಮಾಡಿದರೆ ಫೋನು, ಸ್ಪೀಕರುಗಳನ್ನು ನಾನೇ ತರುತ್ತೇನೆ.

ಇಂತಿ,
ನಿಮ್ಮ ಬ್ಯಾಂಕಿನ ಒಬ್ಬ ಸದಸ್ಯ,
ವಿದ್ಯಾನಗರ, ಹುಬ್ಬಳ್ಳಿ